ಸೂಜಿ ಯಾರಿಗೆ, ಲೆಕ್ಕ ಯಾರದು?

ಮಮದಾಪುರದ ಪ್ರೌಢಶಾಲೆಯ ಮಕ್ಕಳಿಗೆ ನ್ಯಾಯಯುತ ಪರೀಕ್ಷೆಯ ಅಭ್ಯಾಸವೊಂದನ್ನು ಬರೆಯಬೇಕಿತ್ತು. ಗಿಡಕ್ಕೆ ನೀರು, ಬಿಸಿಲು ಎನ್ನುವ ಹಳೆಯ ಉದಾಹರಣೆಗಳ ಬದಲು ನಿಜವಾಗಿ ನಡೆದ ಪ್ರಯೋಗವೇ ಇರಲಿ ಎಂದು, ನಮ್ಮ ಸೀಮೆಯನ್ನೂ ಕಾಡಿದ ಪ್ಲೇಗಿನ ಕಾಲದ ವರದಿಗಳನ್ನು ಹುಡುಕಲು ಕೂತೆ.

ಮೊದಲು ಸಿಕ್ಕಿದ್ದು ಹುಬ್ಬಳ್ಳಿ. 1898ರಲ್ಲಿ ಅಲ್ಲಿ ಡಾಕ್ಟರ್ ಲಾಯ್ಮನ್ ಅವರ ಮುಂದಾಳತ್ವದಲ್ಲಿ ಸಾವಿರಾರು ಜನರಿಗೆ ಹಾಫ್ಕಿನ್ ಸಿದ್ಧಪಡಿಸಿದ ಪ್ಲೇಗು ಲಸಿಕೆ ಹಾಕಲಾಯಿತು. ಲಸಿಕೆ ಹಾಕಿಸಿಕೊಂಡಿದ್ದಾರೋ ಇಲ್ಲವೋ ಎಂಬುದು ಸ್ವತಂತ್ರ ಚರ. ಅವಲಂಬಿತ ಚರಕ್ಕೆ ಮಕ್ಕಳು ತಕ್ಷಣ 'ಪ್ಲೇಗು' ಎಂದು ಬರೆಯುತ್ತಾರೆ. ಅದು ರೋಗದ ಹೆಸರಷ್ಟೆ. ಅಳೆದದ್ದು ಏನು ಎಂದು ಕೇಳಬೇಕು: ನೂರು ಜನರಲ್ಲಿ ಎಷ್ಟು ಮಂದಿ ಸತ್ತರು. ತೊಡಕು ಇರುವುದೂ ಈ 'ನೂರು ಜನ'ರಲ್ಲಿಯೇ. ಲಸಿಕೆ ಹಾಕುತ್ತ ಹೋದಂತೆ ಹಾಕಿಸಿಕೊಳ್ಳದವರ ಗುಂಪು ವಾರವಾರಕ್ಕೂ ಕರಗುತ್ತಿತ್ತು. ಆ ವಾರ ಉಳಿದವರು ಎಷ್ಟು ಎಂದು ಸರಿಯಾಗಿ ಗೊತ್ತಿಲ್ಲದಿದ್ದರೆ ಸಾವಿನ ಪ್ರಮಾಣವೇ ತಪ್ಪುತ್ತದೆ. ಜೊತೆಗೆ, ತಾವಾಗಿಯೇ ಸೂಜಿಗೆ ಮುಂದೆ ಬಂದವರ ಮನೆ, ಓಣಿ, ಆರೋಗ್ಯ ಎಲ್ಲವೂ ಹಿಂದೆ ಉಳಿದವರಿಗಿಂತ ಬೇರೆಯಾಗಿರಬಹುದು. ಸಾವು ಕಡಿಮೆಯಾಗಿದ್ದು ಲಸಿಕೆಯಿಂದಲೋ ಓಣಿಯಿಂದಲೋ? ಸಮವಾಗಿಡಬೇಕಾದ ನಿಯಂತ್ರಿತ ಚರಗಳು ಇಲ್ಲಿ ಕೈತಪ್ಪಿವೆ.

ಹುಡುಕಾಟ ಮುಂದುವರಿದು ಬರೋಡಾ ಬಳಿಯ ಉಂಢೇರಾ ಹಳ್ಳಿ ಸಿಕ್ಕಾಗ ಬಹಳ ಖುಷಿಯಾಯಿತು. ಅದೇ 1898ರ ಫೆಬ್ರವರಿಯಲ್ಲಿ ಹಾಫ್ಕಿನ್ ಮತ್ತು ವೈದ್ಯ ಬ್ಯಾನರ್‌ಮನ್ ಅಲ್ಲಿ ಮನೆಮನೆಯ ಜನರನ್ನು ಕೂಡಿಸಿ, ಪ್ರತಿ ಕುಟುಂಬದಲ್ಲೂ ಸುಮಾರು ಅರ್ಧ ಜನರಿಗೆ ಮಾತ್ರ ಲಸಿಕೆ ಹಾಕಿದರು. ವಯಸ್ಸು, ಲಿಂಗ, ಮೈಕಟ್ಟು ಎರಡೂ ಕಡೆ ಸಮವಾಗುವಂತೆ ನೋಡಿಕೊಂಡರು. ಊರು, ಸೂರು, ಊಟ, ಕಾಲ ಎಲ್ಲವೂ ಒಂದೇ. ಮುಂದೆ ಪ್ಲೇಗು ಹೊಕ್ಕ 28 ಮನೆಗಳ ಲೆಕ್ಕ ಹೀಗಿದೆ: ಲಸಿಕೆ ಪಡೆದ 71 ಜನರಲ್ಲಿ 8 ಮಂದಿಗೆ ಕಾಯಿಲೆ, 3 ಸಾವು, ಪಡೆಯದ 64 ಜನರಲ್ಲಿ 27 ಮಂದಿಗೆ ಕಾಯಿಲೆ, 26 ಸಾವು. ಸಾವು ನೂರಕ್ಕೆ ಸುಮಾರು 4 ಒಂದು ಕಡೆ, 41 ಇನ್ನೊಂದು ಕಡೆ.

ಇಲ್ಲಿ ಮಕ್ಕಳು ಎಡವುವ ಜಾಗ ಇನ್ನೊಂದಿದೆ. ಆ 64 ಜನರನ್ನು ತೋರಿಸಿ 'ಇದೇ ನಿಯಂತ್ರಿತ ಚರ' ಎನ್ನುತ್ತಾರೆ. ಅವರು ನಿಯಂತ್ರಣ ಗುಂಪು, ಅಂದರೆ ಹೋಲಿಸಿ ನೋಡಲು ಇಟ್ಟುಕೊಂಡ ಮನುಷ್ಯರು. ನಿಯಂತ್ರಿತ ಚರಗಳೆಂದರೆ ಎರಡು ಗುಂಪಿಗೂ ಒಂದೇ ಆಗಿದ್ದ ಮನೆ, ವಯಸ್ಸು, ಕಾಲ.

ಉಂಢೇರಾದಲ್ಲೂ ಒಂದು ಕೊರತೆ ಉಳಿದಿದೆ. ಯಾರಿಗೆ ಸೂಜಿ ಚುಚ್ಚಿದೆ ಎಂದು ಊರಿಗೆಲ್ಲ ಗೊತ್ತಿತ್ತು. ಅದರಿಂದ ಬಂದ ಧೈರ್ಯ ಅಥವಾ ಭಯ ಜನರ ನಡವಳಿಕೆಯನ್ನು ಬದಲಿಸಿರಬಹುದು. ಹಾಗಾಗಿ ಅಭ್ಯಾಸದ ಕೊನೆಯ ಪ್ರಶ್ನೆಯನ್ನು ಹೀಗೆ ಬರೆದಿದ್ದೇನೆ: ಉಳಿದ ಅರ್ಧ ಜನರಿಗೆ ಮದ್ದಿಲ್ಲದ ಸೂಜಿ ಚುಚ್ಚಿದ್ದರೆ ಯಾವ ಚರ ಸಮವಾಗುತ್ತಿತ್ತು?