ದಾಕ್ಷಿಣ್ಯಕ್ಕೆ ಹಾಕಿದ ಸಹಿ

ನಮ್ಮ ಉಡುಪಿ ಕಡೆ ಪಂಕ್ತಿಯಲ್ಲಿ ಬಡಿಸುವವರು “ದಾಕ್ಷಿಣ್ಯ ಮಾಡ್ಬೇಡಿ ಆಯ್ತಾ” ಅಂದರೆ, ಬೇಕಿದ್ದೂ ಕೇಳದೆ ಕೂರಬೇಡಿ ಎಂದರ್ಥ. ಉಂಡೆದ್ದವರು “ದಾಕ್ಷಿಣ್ಯಕ್ಕೆ ಇನ್ನೊಂದು ಹೋಳಿಗೆ ತಿಂದೆ ಮಾರಾಯ್ರೆ” ಅಂದರೆ, ಬೇಡದಿದ್ದರೂ ಬೇಡ ಅನ್ನಲಾಗಲಿಲ್ಲ ಎಂದು. ಕೇಳಲಾಗದ್ದೂ ದಾಕ್ಷಿಣ್ಯ, ನಿರಾಕರಿಸಲಾಗದ್ದೂ ದಾಕ್ಷಿಣ್ಯ. ಮಣಿಪಾಲಕ್ಕೆ ಓದಲು ಬಂದ ಹೊರರಾಜ್ಯದವರಿಗೆ ಇದನ್ನು ಇಂಗ್ಲಿಷಿನಲ್ಲಿ ತಿಳಿಸಹೋದರೆ ಒಂದು ಪದ ಒಂದು ಕಡೆಗೆ ಮಾತ್ರ ಹೊಂದುತ್ತದೆ.

ಸಂಸ್ಕೃತದಲ್ಲಿ ಇದು ನಾಜೂಕಿನ ಪದ. ಅಲಂಕಾರಶಾಸ್ತ್ರದ ದಕ್ಷಿಣನಾಯಕ ಹೊಸಬಳಿಗೆ ಮನಸೋತರೂ ಹಳಬಳೊಡನೆ ಸೌಜನ್ಯ ಬಿಡದವನು. ಆ ರಸಿಕನ ಗುಣ ಕನ್ನಡದಲ್ಲಿ ಜನಸಾಮಾನ್ಯರ ಪೇಚಾಟವಾಯಿತು. (ಅಧಿಕಾರಿಗಳು ಮಾತ್ರ ಸದಾ ‘ನಿರ್ದಾಕ್ಷಿಣ್ಯ ಕ್ರಮ’ದ ಎಚ್ಚರಿಕೆ ಕೊಡುತ್ತಿರುತ್ತಾರೆ. ಕ್ರಮ ಕಂಡವರು ಕಡಿಮೆ.)

ಇಂಥ ಪದಗಳಿಗೆ ಪರ್ಯಾಯ ಹುಡುಕುವ ಬದಲು ಭಾಷಾವಿಜ್ಞಾನಿ ಅನ್ನಾ ವಿಯೆಜ್‌ಬಿಟ್ಸ್ಕಾ ಬೇರೆ ದಾರಿ ಹಿಡಿದರು. ಬೇಕು, ತಿಳಿ, ಒಳ್ಳೆಯದು, ಕೆಟ್ಟದ್ದು ಎಂಬಂಥ, ಎಲ್ಲ ಭಾಷೆಗಳಲ್ಲೂ ಇವೆ ಎಂದು ಅವರು ಹೇಳುವ ಸರಳ ಪದಗಳಲ್ಲೇ ಭಾವವನ್ನು ಬಿಡಿಸಿ ಹೇಳುವುದು. ದಾಕ್ಷಿಣ್ಯವನ್ನು ಹಾಗೆ ಬಿಡಿಸಿದರೆ: ನನಗೆ ಒಂದು ಬೇಕು, ಅಥವಾ ಬೇಡ. ಹಾಗಂತ ಹೇಳಿದರೆ ಎದುರಿನವರಿಗೆ ಕೆಟ್ಟದೆನಿಸಬಹುದು. ಅದು ನನಗೆ ಬೇಡ. ಆದ್ದರಿಂದ ಹೇಳುವುದಿಲ್ಲ. ಊಟದ ಎರಡೂ ಮಾತು ಇದರೊಳಗೆ ಬಂದವು.

ಈಗ ಇಂಗ್ಲಿಷಿಗೆ ಅನುವಾದಿಸಬೇಕಾದ ಕತೆಯೊಂದರಲ್ಲಿ ಹೀಗೊಂದು ಸಾಲು ಬಂತೆನ್ನಿ: “ಸೊಸೈಟಿ ಸಾಲಕ್ಕೆ ದಾಕ್ಷಿಣ್ಯಕ್ಕೆ ಜಾಮೀನು ಹಾಕಿದ.” ‘ಮರ್ಯಾದೆಗಾಗಿ’ ಎಂಬರ್ಥದ ಇಂಗ್ಲಿಷ್ ಪದ ಹಾಕಿದರೆ ಲಕ್ಷಗಟ್ಟಲೆ ಸಾಲದ ಮುಂದೆ ಹಗುರಾಯಿತು. ‘ಒತ್ತಡಕ್ಕೆ’ ಎಂದರೆ ಕೇಳಿದವನು ಖಳನಾಗುತ್ತಾನೆ. ‘ಋಣಕ್ಕೆ’ ಎಂದರೆ ಹಿಂದೆಂದೋ ಉಪಕಾರ ಪಡೆದಂತಾಗುತ್ತದೆ, ಅದು ಹಂಗು. ಇಲ್ಲಿ ಕೊಡಬೇಕಾದ್ದೇನೂ ಇಲ್ಲ. ಕೇಳುವವನು ಜಗಲಿಯಲ್ಲಿ ಎದುರಿಗೇ ಕೂತಿದ್ದಾನೆ, ಅಷ್ಟೆ. ಫೋನಿನಲ್ಲಾದರೆ ತಪ್ಪಿಸಿಕೊಳ್ಳಬಹುದಿತ್ತು. ಹಾಗಾಗಿ ಅನುವಾದದಲ್ಲಿ ಭಾವದ ಹೆಸರು ಬಿಟ್ಟು ಸಂದರ್ಭವನ್ನೇ ಹೇಳುವುದು ಮೇಲು: ‘ಇಲ್ಲ ಅಂದರೆ ಎದುರು ಕೂತವನ ಮುಖ ಸಣ್ಣದಾಗುತ್ತದೆ, ಅದನ್ನು ನೋಡಲಾರದೆ ಸಹಿ ಹಾಕಿದ.’ ಪಕ್ಕದಲ್ಲಿ ‘ಪಾಪ’ ಎಂದೇನೂ ಸೇರಿಸಬಾರದು. ಅದು ಕನಿಕರವಾಗಿಬಿಡುತ್ತದೆ.

ತೊಡಕು ಬರುವುದು ಸಂಭಾಷಣೆಯಲ್ಲಿ. ಕಂತು ತಪ್ಪಿ, ಜಾಮೀನುದಾರನಿಗೇ ನೋಟಿಸು ಬಂದಾಗ ಹೆಂಡತಿ ಒಂದೇ ಮಾತು ಎಸೆಯುತ್ತಾಳೆ: “ದಾಕ್ಷಿಣ್ಯ!” ಅವಳ ಬಾಯಲ್ಲಿ ಇಡೀ ವಿವರಣೆ ತುರುಕಿದರೆ ಜಗಳ ಉಪನ್ಯಾಸವಾಗುತ್ತದೆ. ವಿವರಣೆ ಮೊದಲ ಸಲವೇ ಸರಿಯಾಗಿ ಕೂತಿದ್ದರೆ ಇಲ್ಲಿ ಅದರದೊಂದು ತುಂಡು ಸಾಕು: “ಮುಖ ನೋಡಿ ಸಹಿ ಹಾಕಿದಿರಲ್ಲ, ಈಗ ಆ ಮುಖ ಎಲ್ಲಿದೆ?”