ಅಜ್ಜನ ಹುಟ್ಟುಹಬ್ಬ ಮತ್ತು ಐದೂವರೆ ಗಂಟೆ

ಹೋದ ತಿಂಗಳು ಆಫೀಸಿನಲ್ಲಿ ಒಂದು ವಿಚಿತ್ರ ಬಗ್ ತಲೆ ತಿಂತು. ನಮ್ಮ ಸಾಫ್ಟ್‌ವೇರಿನಲ್ಲಿ ಕೆಲವು ಹಿರಿಯರ ಹುಟ್ಟಿದ ತಾರೀಖು ಮಾತ್ರ ಒಂದು ದಿನ ಹಿಂದಕ್ಕೆ ಹೋಗುತ್ತಿತ್ತು. ಪರೀಕ್ಷೆಗೆಂದು 1943ರ ನವೆಂಬರಿನಲ್ಲಿ ಹುಟ್ಟಿದ ನಮ್ಮಜ್ಜನ ತಾರೀಖು ಹಾಕಿದೆ. ಅದೂ ಹಿಂದಿನ ದಿನಕ್ಕೆ ಜಾರಿತು! ನನ್ನ ತಾರೀಖು ಹಾಕಿದರೆ ಸರಿಯಾಗೇ ಇತ್ತು.

ಎರಡು ದಿನ ಒದ್ದಾಡಿದ ಮೇಲೆ, ಬಹಳಷ್ಟು ಕಂಪ್ಯೂಟರುಗಳು ಬಳಸುವ ಟೈಮ್ ಝೋನ್ ಕಡತದಲ್ಲಿ ಉತ್ತರ ಸಿಕ್ಕಿತು. Asia/Kolkata ಅನ್ನುವ ಹೆಸರಿನ ಕೆಳಗೆ ಇಂಥ ಸಾಲುಗಳಿವೆ:

```
5:21:10 -    MMT   1906 Jan 1
5:30    -    IST   1941 Oct
5:30    1:00 +0630 1942 May 15
5:30    -    IST   1942 Sep
5:30    1:00 +0630 1945 Oct 15
```

ಪ್ರತಿ ಸಾಲಿನ ಕೊನೆಯಲ್ಲಿರುವುದು ಆ ಲೆಕ್ಕ ಮುಗಿದ ದಿನ. ಮಹಾಯುದ್ಧದ ಕಾಲದಲ್ಲಿ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿತ್ತು. ನಮ್ಮ ಒಂದು ಪ್ರೋಗ್ರಾಮ್ ಅಜ್ಜನ ದಿನದ ಮಧ್ಯರಾತ್ರಿಯನ್ನು ಆರೂವರೆ ಗಂಟೆಯ ಲೆಕ್ಕದಲ್ಲಿ ಉಳಿಸಿತ್ತು, ಇನ್ನೊಂದು ಅದನ್ನೇ ಐದೂವರೆಯ ಲೆಕ್ಕದಲ್ಲಿ ಓದಿತ್ತು. ಹಾಗಾಗಿ ಅದು ಹಿಂದಿನ ದಿನದ ರಾತ್ರಿ ಹನ್ನೊಂದು ಗಂಟೆಯಾಗಿಬಿಟ್ಟಿತ್ತು. ಬಗ್ ಸರಿಮಾಡಲು ಹತ್ತು ನಿಮಿಷ ಸಾಕಾಯಿತು. ಆದರೆ ನನಗೆ ಹುಳ ಬಿಟ್ಟಂತಾಯಿತು. ಐದೂವರೆ ಅನ್ನುವುದು ಸೂರ್ಯ ಚಂದ್ರರಷ್ಟೇ ಖಾಯಂ ಅಂದುಕೊಂಡಿದ್ದೆ ನಾನು.

1906ರ ಜನವರಿ 1ಕ್ಕೆ ಮುಂಚೆ ನಮ್ಮ ದೇಶಕ್ಕೆ ಒಂದು ಸಮಯ ಅಂತ ಇರಲೇ ಇಲ್ಲ. ಬೊಂಬಾಯಿಯದು ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ, ಕಲ್ಕತ್ತೆಯದು 5 ಗಂಟೆ 53 ನಿಮಿಷ ಮುಂದೆ. ರೈಲಿಗೆ, ತಂತಿಗೆ ಮದರಾಸಿನ ಸಮಯ. ಊರಿನ ನೆತ್ತಿಯ ಮೇಲೆ ಸೂರ್ಯ ಬಂದಾಗ ಆ ಊರಿಗೆ ಮಧ್ಯಾಹ್ನ, ಅಷ್ಟೇ. ಆಮೇಲೆ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖೆಯನ್ನು ಹಿಡಿದು ಇಡೀ ದೇಶಕ್ಕೆ ಐದೂವರೆ ಅಂತ ಮಾಡಿದರು. ಗ್ರೀನಿಚ್‌ನಿಂದ ಎಣಿಸಲು ಸುಲಭ ಅನ್ನುವುದು ಆ ರೇಖೆಯ ಒಂದು ಹೆಚ್ಚುಗಾರಿಕೆ.

ಬೊಂಬಾಯಿಯ ಜನ ಇದನ್ನು ಸುಮ್ಮನೆ ಒಪ್ಪಲಿಲ್ಲ. ಅವರ ಗಡಿಯಾರ ಒಮ್ಮೆಗೇ 39 ನಿಮಿಷ ಮುಂದೆ ಹೋಗಬೇಕಿತ್ತು. ಮಿಲ್ಲಿನ ಕೂಲಿಯವನ ಲೆಕ್ಕದಲ್ಲಿ ಅದರ ಅರ್ಥ ಏನು ಹೇಳಿ? ಹೊಸ ಆರು ಗಂಟೆ ಅಂದರೆ ಹಳೆಯ 5.21. ಸೂರ್ಯ ಎಲ್ಲಿದ್ದನೋ ಅಲ್ಲೇ ಇದ್ದಾನೆ, ಇವನು ಮಾತ್ರ ಕತ್ತಲಲ್ಲಿ ಎದ್ದು ಓಡಬೇಕು. ಆ ಜನವರಿಯಲ್ಲೇ ಸಾವಿರಾರು ಮಿಲ್ ಕಾರ್ಮಿಕರು ಕೆಲಸ ಬಿಟ್ಟು ಕಲ್ಲು ತೂರಿದರು. ನಗರಸಭೆ ಹಳೆಯ ಸಮಯವನ್ನೇ ಇಟ್ಟುಕೊಂಡಿತು. ಬಂಗಾಳ ವಿಭಜನೆಯ ಸಿಟ್ಟು ಇನ್ನೂ ಆರದ ಕಾಲ ಬೇರೆ. ಕಲ್ಕತ್ತೆ 1948ರವರೆಗೆ, ಬೊಂಬಾಯಿ 1955ರವರೆಗೆ ತಮ್ಮ ತಮ್ಮ ಸಮಯವನ್ನು ಬಿಡಲಿಲ್ಲ. ತಮಾಷೆ ನೋಡಿ, ಕಡತದ ಹೆಸರಿನಲ್ಲೇ ಕಲ್ಕತ್ತೆ ಇದೆ, ಆದರೆ 1906ರ ನಂತರದ ಕಲ್ಕತ್ತೆಯ ಸ್ವಂತ ಸಮಯ ಅದರಲ್ಲಿಲ್ಲ. ಗೆದ್ದ ಗಡಿಯಾರ ಮಾತ್ರ ದಾಖಲೆಯಲ್ಲಿ ಉಳಿಯಿತು.

ಪೀಟರ್ ಬರ್ಗರ್ ಮತ್ತು ಥಾಮಸ್ ಲುಕ್‌ಮನ್ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞರು 1966ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನೇ ವಿವರಿಸುತ್ತಾರೆ. ಒಂದು ಏರ್ಪಾಡನ್ನು ಮಾಡಿಕೊಂಡವರಿಗೆ ಅದು ತಾವು ಮಾಡಿದ್ದು ಅಂತ ಗೊತ್ತಿರುತ್ತದೆ, ಬೇಡವಾದರೆ ಬದಲಾಯಿಸಿಯಾರು. ಅವರ ಮಕ್ಕಳಿಗೆ ಮಾತ್ರ ಅದು ಬೆಟ್ಟದ ಹಾಗೆ, ತಾವು ಬರುವ ಮೊದಲೇ ಅಲ್ಲಿತ್ತು. ಕಲ್ಲು ತೂರಿದವನಿಗೆ ಐದೂವರೆ ಸರ್ಕಾರದ ಹುಕುಂ, ಅವನ ಮೊಮ್ಮಗನಿಗೆ ಅದು ಬರೀ ಟೈಮು.

ಇದನ್ನೆಲ್ಲ ಅಜ್ಜನಿಗೆ ಹೇಳೋಣ ಅಂತ ಜನವರಿಯಲ್ಲಿ ಮನೆಗೆ ಹೋದಾಗ ಅವರ ಜಾತಕ ತೆಗೆಸಿದೆ. ಅದರಲ್ಲಿ ಗಂಟೆಯೇ ಇಲ್ಲ! ಸೂರ್ಯೋದಯದಿಂದ ಇಷ್ಟು ಘಳಿಗೆ ಅಂತ ಬರೆದಿದ್ದಾರೆ. ಒಂದು ಘಳಿಗೆಗೆ 24 ನಿಮಿಷ. ಯುದ್ಧದ ಸಮಯವೂ ಅದನ್ನು ಮುಟ್ಟಿಲ್ಲ, ಐದೂವರೆಯೂ ಮುಟ್ಟಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೊರಟು ನಿಂತೆ. ಅಜ್ಜ ಗೋಡೆಯ ಕ್ಯಾಲೆಂಡರ್ ತೋರಿಸಿ, "ಏಳೂವರೆಯಿಂದ ಒಂಬತ್ತು ರಾಹುಕಾಲ, ಕೂತ್ಕೋ" ಅಂದರು. ಹಗಲನ್ನು ಎಂಟು ಪಾಲು ಮಾಡಿದರೆ ಸೋಮವಾರ ಎರಡನೆಯದು ರಾಹುಕಾಲ. ಕ್ಯಾಲೆಂಡರಿನವರು ಆರಕ್ಕೆ ಸೂರ್ಯೋದಯ, ಆರಕ್ಕೆ ಸೂರ್ಯಾಸ್ತ ಅಂತ ಹಿಡಿದು ಅಚ್ಚು ಹಾಕಿರುತ್ತಾರೆ. ಜನವರಿಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದೇ 6.45ರ ಸುಮಾರಿಗೆ, ಮುಳುಗುವುದು 6.15ರ ಸುಮಾರಿಗೆ. ಲೆಕ್ಕ ಹಾಕಿದರೆ ಒಂದು ಪಾಲಿಗೆ 86 ನಿಮಿಷ, ರಾಹುಕಾಲ 8.11ರಿಂದ 9.37.

"ಅಜ್ಜಾ, ನೀವು ಹೇಳೋ ಸಮಯಕ್ಕೆ ಹೊರಟರೆ ರಾಹುಕಾಲದ ಮಧ್ಯದಲ್ಲೇ ಹೊರಟ ಹಾಗಾಗುತ್ತೆ" ಅಂದೆ.

ಅಜ್ಜ ಕನ್ನಡಕ ಏರಿಸಿ ಇನ್ನೊಮ್ಮೆ ಕ್ಯಾಲೆಂಡರ್ ನೋಡಿದರು. "ಇಲ್ಲಿ ಹಾಗೆ ಹಾಕಿಲ್ವಲ್ಲೋ" ಅಂದರು. ನಾನು ಕೂತು ಇನ್ನೊಂದು ಲೋಟ ಕಾಫಿ ಕುಡಿದು, 9.05ಕ್ಕೆ ಹೊರಟೆ.