ನಾಲ್ಕು ಮೂಳೆಗಳ ಮಿತಿ: ಮೊಬೈಲ್ ಸ್ಕಿನ್ನಿಂಗಿನಲ್ಲಿ ವೇಟುಗಳ ಪರಿಷ್ಕಾರ

ಗಣಕಚಿತ್ರದ ಪಾತ್ರವೊಂದು ತೋಳನ್ನೆತ್ತಿದಾಗ ಅದರ ತ್ವಚೆಯೂ ಒಡನೆಯೇ ಸರಿಯಬೇಕಾದರೆ, ಆ ತ್ವಚೆಯನ್ನು ರಚಿಸಿರುವ ಒಂದೊಂದು ವರ್ಟೆಕ್ಸೂ ಯಾವ ಯಾವ ಮೂಳೆಗೆ ಎಷ್ಟೆಷ್ಟು ಅಧೀನವೆಂಬುದು ಮೊದಲೇ ನಿಶ್ಚಿತವಾಗಿರಬೇಕು. ಈ ಅಧೀನತೆಯ ಪ್ರಮಾಣವೇ ವೇಟ್. ಒಂದು ವರ್ಟೆಕ್ಸಿನ ವೇಟುಗಳ ಮೊತ್ತ ಸದಾ 1. ಈ ವಿಧಾನದ ಮೂಲವನ್ನು ಮ್ಯಾಗ್ನೆನಾ-ಥಾಲ್ಮನ್ ಮತ್ತು ಸಂಗಡಿಗರು ಕೈಯ ಚಲನೆಯನ್ನು ಕುರಿತು 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗುರುತಿಸುವುದು ವಾಡಿಕೆ. ಸಿದ್ಧಾಂತದಲ್ಲಿ ಮೂಳೆಗಳ ಸಂಖ್ಯೆಗೆ ಮಿತಿಯಿಲ್ಲ. ಮಿತಿಯನ್ನು ತಂದದ್ದು ಯಂತ್ರ.

ಮೊಬೈಲಿನ ಮೊದಲ ದಿನಗಳಲ್ಲಿ ಆ ಮಿತಿ ಬಲು ಕಠಿಣವಾಗಿತ್ತು. ಓಪನ್‌ಜಿಎಲ್ ಇಎಸ್ 1.1ರ ಕಾಲದ `OES_matrix_palette` ಎಂಬ ವಿಸ್ತರಣೆಯು ಒಮ್ಮೆಗೆ 9 ಮಾತೃಕೆಗಳನ್ನೂ ವರ್ಟೆಕ್ಸಿಗೆ 3 ಮೂಳೆಗಳನ್ನೂ ಮಾತ್ರ ಕನಿಷ್ಠವಾಗಿ ಒದಗಿಸುವ ಹೊಣೆ ಹೊತ್ತಿತ್ತು. 2007ರ ಇಎಸ್ 2.0ದೊಡನೆ ಶೇಡರ್ ಬಂದು ಸಂಖ್ಯೆಯ ನಿರ್ಣಯ ಪ್ರೋಗ್ರಾಮರನ ಕೈಸೇರಿತಾದರೂ, ಪ್ರತಿ ಹೆಚ್ಚುವರಿ ಮೂಳೆಯೂ ಪ್ರತಿ ವರ್ಟೆಕ್ಸಿಗೂ ಇನ್ನೊಂದು ಮಾತೃಕೆಯ ಓದನ್ನೂ ಗುಣಾಕಾರವನ್ನೂ ಬೇಡುವುದರಿಂದ ನಾಲ್ಕೆಂಬ ಸಂಖ್ಯೆಯೇ ರೂಢಿಯಾಯಿತು. ನಾಲ್ಕು ಮೂಳೆಸಂಖ್ಯೆಗಳೂ ನಾಲ್ಕು ವೇಟುಗಳೂ ಒಂದೊಂದು ಬೈಟಿನಂತೆ ಎಂಟು ಬೈಟುಗಳಲ್ಲಿ ಅಡಗುತ್ತವೆ. 2017ರ ಜಿಎಲ್‌ಟಿಎಫ್ 2.0 ಸಹ `JOINTS_0` ಮತ್ತು `WEIGHTS_0` ಎಂಬ ನಾಲ್ಕರ ಒಂದೇ ಗುಂಪನ್ನು ಎಲ್ಲರೂ ಓದಲೇಬೇಕಾದ ಕನಿಷ್ಠವೆಂದು ವಿಧಿಸಿತು. ಯೂನಿಟಿಯಂಥ ಎಂಜಿನ್‌ಗಳು ದುರ್ಬಲ ಫೋನುಗಳಿಗಾಗಿ ಎರಡಕ್ಕೂ ಒಂದಕ್ಕೂ ಇಳಿಸುವ ಅವಕಾಶವನ್ನಿಟ್ಟವು.

ಇಳಿಸುವ ಸರಳಮಾರ್ಗವೆಂದರೆ ದೊಡ್ಡ ವೇಟುಗಳನ್ನುಳಿಸಿಕೊಂಡು ಮಿಕ್ಕವನ್ನು ತೊರೆದು, ಉಳಿದವುಗಳ ಮೊತ್ತ ಮತ್ತೆ 1 ಆಗುವಂತೆ ಭಾಗಿಸುವುದು. ಭುಜದ ಮೇಲಿನ ಒಂದು ವರ್ಟೆಕ್ಸಿನಲ್ಲಿ ಮೇಲ್ತೋಳಿಗೆ 0.40, ಕೊರಳೆಲುಬಿಗೆ 0.26, ಎದೆಗೆ 0.24, ಕತ್ತಿಗೆ 0.06, ತೋಳಿನ ಟ್ವಿಸ್ಟ್ ಮೂಳೆಗೆ 0.04 ಇದೆಯೆನ್ನೋಣ. ಮಿತಿ ನಾಲ್ಕಾದರೆ ಹೋಗುವುದು 0.04 ಮಾತ್ರ; ಕಣ್ಣಿಗೆ ಭೇದವೇ ತೋರದು. ಮಿತಿ ಎರಡಾದರೆ ಉಳಿಯುವುದು ಮೇಲ್ತೋಳು 0.61, ಕೊರಳೆಲುಬು 0.39. ಪಕ್ಕದ ವರ್ಟೆಕ್ಸಿನಲ್ಲಾದರೋ ಎದೆಗೆ 0.26, ಕೊರಳೆಲುಬಿಗೆ 0.24, ಮಿಕ್ಕೆಲ್ಲವೂ ಅಷ್ಟೇ. ಅಲ್ಲಿ ಉಳಿಯುವುದು ಮೇಲ್ತೋಳು 0.61, ಎದೆ 0.39. ಮೊದಲು 0.02ರಷ್ಟೇ ಇದ್ದ ಅಂತರ ಈಗ 0.39ಕ್ಕೇರಿತು. ತೋಳನ್ನೆತ್ತಿದೊಡನೆ ಭುಜದ ಮೇಲೆ ಗರಗಸದ ಹಲ್ಲಿನಂಥ ಮಡಿಕೆಯೊಂದು ಮೂಡುವುದು ಇದರಿಂದಲೇ. ಆದುದರಿಂದ ದೋಷವಿರುವುದು ತೊರೆದ ವೇಟಿನ ಪ್ರಮಾಣದಲ್ಲಷ್ಟೇ ಅಲ್ಲ, ನೆರೆಹೊರೆಯ ವರ್ಟೆಕ್ಸುಗಳು ಬೇರೆ ಬೇರೆ ಮೂಳೆಗಳನ್ನು ಆಯ್ದುಕೊಳ್ಳುವುದರಲ್ಲಿ.

ಇದಕ್ಕೊಂದು ಗಣಿತದ ಪರಿಹಾರವುಂಟು. ತೊರೆಯಲ್ಪಡುವವುಗಳಲ್ಲಿ ಅತಿ ದೊಡ್ಡ ವೇಟನ್ನು, ಇಲ್ಲಿ 0.24ನ್ನು, ಉಳಿದ ಎರಡರಿಂದಲೂ ಕಳೆದು ಆಮೇಲೆ ಭಾಗಿಸಿದರೆ, ಮೊದಲ ವರ್ಟೆಕ್ಸಿನಲ್ಲಿ ಮೇಲ್ತೋಳು 0.89, ಕೊರಳೆಲುಬು 0.11 ಆಗುತ್ತದೆ, ಎರಡನೆಯದರಲ್ಲಿ ಎದೆ 0.11. ಹೀಗೆ ಯಾವ ಮೂಳೆಯೂ ತನ್ನ ವೇಟು ಸೊನ್ನೆಗಿಳಿದ ಮೇಲೆಯೇ ಗುಂಪನ್ನು ಬಿಟ್ಟುಹೋಗುವುದರಿಂದ ಹಠಾತ್ ಜಿಗಿತ ತಪ್ಪುತ್ತದೆ; ಆದರೆ ಮೇಲ್ತೋಳು ಪ್ರಬಲವಾಗಿ ಭುಜ ಬಿಗಿಯಾಗುವುದೇ ಅದಕ್ಕೆ ತೆರಬೇಕಾದ ಬೆಲೆ. 2010ರಲ್ಲಿ ಲ್ಯಾಂಡ್ರೆನೋ ಮತ್ತು ಶೇಫರ್ ಬೇರೊಂದು ದಾರಿಯನ್ನು ತೋರಿಸಿದರು: ವೇಟುಗಳ ಗಾತ್ರವನ್ನೇ ನೋಡದೆ, ಪಾತ್ರದ ಉದಾಹರಣೆಭಂಗಿಗಳಲ್ಲಿ ರೂಪವು ಎಷ್ಟು ಕೆಡುತ್ತದೆಂಬುದನ್ನು ಅಳೆದು, ಪೊಯ್ಸಾನ್ ಸಮೀಕರಣದ ನೆರವಿನಿಂದ ಕಡಮೆ ವೇಟುಗಳನ್ನು ಹೊಸದಾಗಿ ಕಂಡುಹಿಡಿಯುವುದು. ಎದೆಯೊಡನೆಯೇ ಸದಾ ಚಲಿಸುವ ಮೂಳೆಯ ವೇಟು ದೊಡ್ಡದಾಗಿದ್ದರೂ ಅದನ್ನು ಎದೆಗೆ ವರ್ಗಾಯಿಸಿದರೆ ಹಾನಿಯಿಲ್ಲವೆಂಬ ವಿವೇಕವು ಭಂಗಿಗಳಿಂದಲೇ ದೊರೆಯತಕ್ಕದ್ದು.

ನಿತ್ಯದ ಕೆಲಸದಲ್ಲಿ ಪರಿಷ್ಕಾರದ ಕ್ರಮವೇ ಮುಖ್ಯ. ಟ್ವಿಸ್ಟ್ ಮೂಳೆಯಂಥವನ್ನು ತೆಗೆಯುವುದಿದ್ದರೆ ಅವುಗಳ ವೇಟನ್ನು ಮೊದಲು ತಾಯಿಮೂಳೆಗೆ ಸೇರಿಸಬೇಕು; ಅನಂತರ ಮಾಯಾದ Prune Small Weights ಮೂಲಕ ಪುಡಿವೇಟುಗಳನ್ನಳಿಸಿ, ಬ್ಲೆಂಡರಿನಲ್ಲಾದರೆ Limit Total ಮೂಲಕ ಮಿತಿಗಿಳಿಸಿ, ಮೊತ್ತವನ್ನು ಸರಿಪಡಿಸಿ, ತೋಳನ್ನು ಪೂರ್ಣ ಎತ್ತಿದ ಭಂಗಿಯಲ್ಲಿ ಪರೀಕ್ಷಿಸಬೇಕು. ಮಡಿಕೆ ಕಂಡಲ್ಲಿ ನಯಗೊಳಿಸಿದರೆ ಐದನೆಯ ಮೂಳೆ ಮತ್ತೆ ನುಸುಳುವುದರಿಂದ, ಮಿತಿಯನ್ನು ಪುನಃ ವಿಧಿಸದೆ ಕಡತವನ್ನು ಹೊರಗೆ ಕಳುಹಿಸಲಾಗದು. ತಲೆಯೂ ದೇಹವೂ ಪ್ರತ್ಯೇಕ ಮೆಶ್‌ಗಳಾಗಿದ್ದರೆ, ಕತ್ತಿನ ಸಂಧಿಯಲ್ಲಿ ಒಂದೇ ಸ್ಥಾನದಲ್ಲಿರುವ ಎರಡು ವರ್ಟೆಕ್ಸುಗಳಿಗೂ ಒಂದೇ ವೇಟುಗಳಿರಬೇಕು. ಇಲ್ಲವಾದರೆ ಅಲ್ಲಿ ಬಿರುಕು ಬಿಡುತ್ತದೆ.

ಕೊನೆಯ ಅಪಾಯ ಬೈಟಿಗೆ ಇಳಿಸುವಾಗಿನದು. 0.5 ಮತ್ತು 0.5 ಎಂಬ ಜೋಡಿಯನ್ನು 255ರಿಂದ ಗುಣಿಸಿ ದಶಮಾಂಶವನ್ನು ಕತ್ತರಿಸಿದರೆ 127, 127, ಮೊತ್ತ 254. ಈ ಒಂದರ ಕೊರತೆಯಿಂದ ಮೂಲಬಿಂದುವಿನಿಂದ ಒಂದೂವರೆ ಮೀಟರ್ ಎತ್ತರದ ವರ್ಟೆಕ್ಸು ಸುಮಾರು 6 ಮಿಲಿಮೀಟರ್ ಕೆಳಕ್ಕೆಳೆಯಲ್ಪಡುತ್ತದೆ; ಕೊರತೆಯನ್ನು ಅತಿ ದೊಡ್ಡ ವೇಟಿಗೆ ಸೇರಿಸಿಬಿಡುವುದೇ ಪರಿಹಾರ. ಇಷ್ಟೆಲ್ಲ ಮಾಡಿದ ಮೇಲೂ ಎರಡು ಮೂಳೆಗಳಲ್ಲಿ ಭುಜ ನೆಟ್ಟಗಾಗದಿದ್ದರೆ, ವೇಟುಗಳನ್ನು ಇನ್ನೂ ತಿದ್ದುವುದು ವ್ಯರ್ಥಶ್ರಮ; ಆ ಪಾತ್ರಕ್ಕೆ ನಾಲ್ಕರ ಮಿತಿಯನ್ನೇ ಉಳಿಸಿ, ಉಳಿತಾಯವನ್ನು ದೂರದಲ್ಲಿ ನಿಲ್ಲುವ ಪಾತ್ರಗಳಲ್ಲಿ ಸಾಧಿಸಿಕೊಳ್ಳುವುದು ಯುಕ್ತ.